ಕೈ ಕಡಿಯಿರಿ ಅಂದವಳು

ಮೊದಲ ವಿಡಿಯೋ ಬಂದದ್ದು ಕಾಸಾಬ್ಲಾಂಕಾದಿಂದ. ಕಡಲ ದಂಡೆಯ ಸಫಿ ಊರಿನ ಮೀನು ಡಬ್ಬಿ ಕಾರ್ಖಾನೆಯ ಹೆಂಗಸರು ಅದನ್ನು ನೋಡಿದ್ದು ಗೇಟಿನ ಹೊರಗೆ, ದೋಣಿ ಕಾಯುತ್ತ ಕೂತಿದ್ದಾಗ.

ದೋಣಿ ಬಂದರೆ ಕೆಲಸ. ಬರದಿದ್ದರೆ ಇಲ್ಲ. ಸೈರನ್ ಕೂಗಿದ ತಕ್ಷಣ ಎಲ್ಲಿದ್ದರೂ ಓಡಬೇಕು. ಒಲೆಯ ಮೇಲೆ ಅವರೆಗಂಜಿ ಕುದಿಯುತ್ತಿದ್ದರೂ, ಮಗುವಿಗೆ ಜ್ವರ ಬಂದಿದ್ದರೂ. ಗಂಡನನ್ನು ಕಡಲು ನುಂಗಿದ ಮೇಲೆ ಯಾಮ್ನಾ ಹಾಗೆ ಓಡಿಯೇ ಮಗನನ್ನು ಬೆಳೆಸಿದ್ದಳು. ಉದ್ದ ಮೇಜಿನ ಮುಂದೆ ನಿಂತು ಬೂತಾಯಿಯ ತಲೆ ಚಿವುಟುವುದು, ಕರುಳು ಎಳೆಯುವುದು, ಡಬ್ಬಿಗೆ ಜೋಡಿಸುವುದು. ಉಪ್ಪು ನೀರಿನಲ್ಲಿ ಬೆರಳಿನ ಸಂದುಗಳು ಬಿರಿದು ತೆರೆದೇ ಇರುತ್ತಿದ್ದವು. ಬಸ್ಸಿನಲ್ಲಿ ಕೂತರೆ ಪಕ್ಕದವರು ಮೂಗು ಮುಚ್ಚಿಕೊಳ್ಳುತ್ತಿದ್ದರು. ಅದಕ್ಕೇ ಅವಳು ಬಸ್ಸು ಹತ್ತುವುದನ್ನೇ ಬಿಟ್ಟಿದ್ದಳು.

ವಿಡಿಯೋ ಇದ್ದದ್ದು ಕೆಲ್ತೂಮಳ ಫೋನಿನಲ್ಲಿ. ಕೆಲ್ತೂಮ್ ಅವಳ ಮೇಜಿನ ಜೊತೆಗಾತಿ, ಕೇರಿಯ ನೆರೆಯವಳು. ಒಂದು ಕ್ಷೌರದಂಗಡಿ. ಇಬ್ಬರು ಹುಡುಗರು ಉದ್ದ ಕತ್ತಿ ಹಿಡಿದು ನುಗ್ಗುತ್ತಾರೆ. ಕುರ್ಚಿಯಲ್ಲಿ ಸೋಪು ಹಚ್ಚಿಕೊಂಡು ಕೂತ ಗಿರಾಕಿ ಕೈ ಮೇಲೆತ್ತುತ್ತಾನೆ. ಅಷ್ಟೆ. ಯಾರಿಗೂ ಗಾಯ ಆಗಿರಲಿಲ್ಲ. ಆದರೆ ಅದನ್ನು ಒಮ್ಮೆ ನೋಡಿ ಯಾರೂ ಸುಮ್ಮನಾಗಲಿಲ್ಲ. ಮನೆಗೆ ಹೋದರೆ ಟೀವಿಯಲ್ಲಿ ಅದೇ, ಅಂಗಡಿಯವನ ಫೋನಿನಲ್ಲಿ ಅದೇ, ನಾದಿನಿ ಕಳಿಸಿದ್ದೂ ಅದೇ. ಒಂದೊಂದರಲ್ಲಿ ಒಂದೊಂದು ಸಂಗೀತ, ಒಂದೊಂದು ತಲೆಬರಹ. ವಾರ ಕಳೆಯುವಷ್ಟರಲ್ಲಿ ಊರೂರಲ್ಲೂ ಕ್ಷೌರದಂಗಡಿಗಳನ್ನು ದೋಚುತ್ತಿದ್ದಾರೆ ಎಂದು ಯಾಮ್ನಾ ನಂಬಿದ್ದಳು. ಅಂಗಡಿ ಒಂದೇ ಎಂದು ಅವಳಿಗೆ ಯಾರೂ ಹೇಳಲಿಲ್ಲ. ಅವಳೂ ಕೇಳಲಿಲ್ಲ.

ಆಮೇಲೆ ಅದಕ್ಕೊಂದು ಹೆಸರು ಬಂತು. ಹೆಸರು ಬಂದ ಮೇಲೆ ಭಯಕ್ಕೆ ಕಾಲು ಬಂತು.

ಮೀನಿಗೆ ಹಚ್ಚುವ ಮಸಾಲೆಗೆ ಅಲ್ಲಿ ಶರ್ಮೂಲ ಅನ್ನುತ್ತಾರೆ. ಕೊತ್ತಂಬರಿ, ಬೆಳ್ಳುಳ್ಳಿ, ಜೀರಿಗೆ, ಕೆಂಪು ಮೆಣಸು ಅರೆದದ್ದು. ಕೇರಿಯ ಹುಡುಗರು ಜಗಳದಲ್ಲಿ, ತಮಾಷೆಯಲ್ಲಿ, "ನಿಂಗೆ ಶರ್ಮೂಲ ಹಚ್ತೀನಿ ನೋಡು" ಎಂದು ಬಯ್ದುಕೊಳ್ಳುವುದು ಹಳೆಯ ಮಾತು. ಯಾವನೋ ವರದಿಗಾರ ಅದನ್ನು ಎತ್ತಿಕೊಂಡ. 'ಶರ್ಮೂಲಿಗಳು' ಎಂದು ಬರೆದ. ಅವರದೊಂದು ಪಂಥ, ಅವರಿಗೊಂದು ಗುರುತು ಎಂದ. ಟೀವಿಗೆ ಕನ್ನಡಕದ ಪಂಡಿತನೊಬ್ಬ ಬಂದು ಗುರುತುಗಳನ್ನು ಬಿಡಿಸಿ ಹೇಳಿದ. ಕಿವಿಯ ಮೇಲೆ ಬೋಳಿಸಿ ನಡುನೆತ್ತಿಯಲ್ಲಿ ಎತ್ತರ ಬಿಟ್ಟ ಕೂದಲು. ಬಿಗಿ ಕಾಲಿನ ಟ್ರ್ಯಾಕ್ ಪ್ಯಾಂಟು. ಹೊಳೆಯುವ ಬೂಟು. ಅಷ್ಟು ಹೇಳಿದ್ದೇ ತಡ, ಜನರ ಕಣ್ಣಿಗೆ ಬೀದಿಯ ತುಂಬ ಅವರೇ ಕಾಣತೊಡಗಿದರು. ಮೊನ್ನೆವರೆಗೆ ಬರೀ ಹುಡುಗರಾಗಿದ್ದವರು ಇವತ್ತು ಶರ್ಮೂಲಿಗಳು.

ಹಳೆಯ ಸುದ್ದಿಗಳೂ ಎದ್ದು ಬಂದವು. ಹಿಂದಿನ ವರ್ಷ ಫೆಸ್‌ನಲ್ಲಿ ಅಣ್ಣತಮ್ಮಂದಿರು ಜಾಗಕ್ಕಾಗಿ ಕಡಿದಾಡಿದ್ದರು. ಈಗ ಅದೂ ಶರ್ಮೂಲಿ. ಕುಡುಕನೊಬ್ಬ ಹೋಟೆಲಿನ ಗಾಜು ಒಡೆದರೆ ಅದೂ ಶರ್ಮೂಲಿ. ಮುದುಕಿಯ ಚೀಲ ಕಿತ್ತುಕೊಂಡು ಓಡುವುದು ಎಲ್ಲ ಊರಲ್ಲೂ ಎಲ್ಲ ಕಾಲದಲ್ಲೂ ಇದ್ದದ್ದೇ. ಅದು ಒಳಪುಟದಿಂದ ಮುಖಪುಟಕ್ಕೆ ಬಂತು.

ಸಫಿಯಲ್ಲಿ ಏನೂ ನಡೆದಿರಲಿಲ್ಲ. ಆದರೂ ಯಾಮ್ನಾ ಹೆದರಿದಳು. ನಸುಕಿಗೆ ಸೈರನ್ ಕೂಗಿದರೆ ಮೊದಲು ಒಬ್ಬಳೇ ಇಳಿಜಾರು ಇಳಿಯುತ್ತಿದ್ದವಳು ಈಗ ಕೆಲ್ತೂಮಳ ಬಾಗಿಲು ಬಡಿದು, ನಾಲ್ಕು ಜನ ಸೇರಿದ ಮೇಲೆ ಹೊರಡುತ್ತಿದ್ದಳು. ಸೊಂಟದ ಬಟ್ಟೆಯ ಗಂಟಿನಲ್ಲಿ ಮೆಣಸಿನ ಪುಡಿ. ಮೂಲೆಯಲ್ಲಿ ಹುಡುಗರು ನಿಂತಿದ್ದರೆ ಆಚೆ ದಾಟುವಳು. ಅವರಲ್ಲಿ ಒಬ್ಬ ಅವಳ ಕೈಯಲ್ಲೇ ಹುಟ್ಟಿದವನು. "ಖಾಲ್ತಿ, ಚೆನ್ನಾಗಿದೀರಾ?" ಎಂದು, ಚಿಕ್ಕಮ್ಮನನ್ನು ಕರೆಯುವಂತೆ ಕರೆದು ಕೇಳಿದ. ಅವಳು ತಲೆ ಬಗ್ಗಿಸಿ ಬಿರಬಿರನೆ ನಡೆದಳು.

ಅವಳ ಮಗ ಝುಹೈರ್ ನಗುತ್ತಿದ್ದ. ಅವನಿಗೆ ಇಪ್ಪತ್ತರ ಹರೆಯ. ಬಂದರಿನ ಮೀನು ಮಾರುಕಟ್ಟೆಯಲ್ಲಿ ಕೂಲಿ. ಐಸು ತುಂಬಿದ ಪೆಟ್ಟಿಗೆಗಳನ್ನು ಬೆನ್ನಿನ ಮೇಲೆ ಹೊತ್ತು ಲಾರಿಗೆ ತುಂಬುವುದು, ದೊಡ್ಡ ಮೀನು ಬಂದರೆ ಕುಯ್ಯುವುದು. ಬೆನ್ನ ಮೇಲೆ ಐಸು ನೀರು ಸುರಿದು ಸುರಿದು ಚರ್ಮ ಕೋಳಿಯ ತೊಗಲಿನಂತಾಗಿತ್ತು. ಕುಯ್ಯುವ ಚೂರಿ ಅವನದೇ. ಯಜಮಾನ ಕೊಡುತ್ತಿರಲಿಲ್ಲ. ದಿನವೂ ಮಸೆದು, ಚಿಂದಿಯಲ್ಲಿ ಸುತ್ತಿ, ಚೀಲದಲ್ಲಿಟ್ಟುಕೊಂಡು ಮನೆಗೆ ತರುತ್ತಿದ್ದ. ಅಲ್ಲೇ ಬಿಟ್ಟರೆ ಕದಿಯುತ್ತಾರೆ.

ಅವನ ಕೂದಲೂ ಹಾಗೇ ಇತ್ತು. ಕಿವಿಯ ಮೇಲೆ ಬೋಳು, ನೆತ್ತಿಯಲ್ಲಿ ಎತ್ತರ. ಕಾಲ್ಚೆಂಡು ಆಟಗಾರನೊಬ್ಬನನ್ನು ನೋಡಿ ಹಾಗೆ ಕತ್ತರಿಸಿಕೊಂಡಿದ್ದ.

"ಆ ಕೂದಲು ತೆಗ್ಸು" ಎಂದಳು ಯಾಮ್ನಾ.

"ಯಾಕಮ್ಮ? ಹೆದರ್ಕೆ ಆಗುತ್ತಾ ನನ್ನ ನೋಡಿದ್ರೆ?"

"ನಂಗಲ್ಲ. ಬೇರೆಯವ್ರಿಗೆ."

"ಬೇರೆಯವ್ರು ನನ್ನ ಬೆನ್ನು ನೋಡ್ಲಿ. ಅದನ್ನ ನೋಡಿ ಹೆದರ್ಲಿ."

ಆ ದಿನಗಳಲ್ಲೇ ಫೋನಿನಲ್ಲಿ ಒಂದು ಕರೆ ಹರಿದಾಡಿತು. 'ರಕ್ಷಣೆ ಇಲ್ಲದ ನಾಡಿನಲ್ಲಿ ಬದುಕಿಲ್ಲ.' ಊರೂರಿನಲ್ಲಿ ಒಂದೇ ದಿನ ಮೆರವಣಿಗೆ. ಸಫಿಯಲ್ಲೂ ಸೇರಿದರು. ಅಂಗಡಿಯವರು, ಮೇಷ್ಟರುಗಳು, ಕಾರಿನಲ್ಲಿ ಬಂದ ಹೆಂಗಸರು. ಕೆಲ್ತೂಮ್ ಯಾಮ್ನಾಳನ್ನೂ ಎಳೆದುಕೊಂಡು ಹೋದಳು. ಕಾರಿನ ಹೆಂಗಸೊಬ್ಬಳು ಅವಳ ತೋಳಿಗೆ ತೋಳು ಸೇರಿಸಿಕೊಂಡು ನಡೆದಳು. ಮೀನಿನ ವಾಸನೆಗೆ ಮೂಗು ಮುಚ್ಚಿಕೊಳ್ಳಲಿಲ್ಲ. ಯಾಮ್ನಾಳ ಎದೆ ಉಬ್ಬಿತು. ಇಡೀ ಊರಿನೊಂದಿಗೆ ತಾನೂ ಒಬ್ಬಳು ಎಂದು ಅವಳಿಗೆ ಅನ್ನಿಸಿದ್ದು ಜೀವಮಾನದಲ್ಲಿ ಅದೇ ಮೊದಲು.

ಮೈಕು ಹಿಡಿದ ಹುಡುಗನೊಬ್ಬ ಅವಳ ಬಾಯಿಯ ಹತ್ತಿರ ಬಂದ. ಸುದ್ದಿ ಸೈಟಿನವನು. ಕತ್ತಿ ಹಿಡಿದವರಿಗೆ ಏನು ಶಿಕ್ಷೆ ಆಗಬೇಕು ಎಂದು ಕೇಳಿದ. ಅವಳು ಸ್ವಲ್ಪ ತಡವರಿಸಿದಳು. ಜೈಲಿಗೆ ಹಾಕಲಿ ಎಂದಳು. ಅವನಿಗೆ ಸಾಲಲಿಲ್ಲ. ಅಷ್ಟೇ ಸಾಕಾ ಖಾಲ್ತಿ, ನಿಮ್ಮ ಮಗಳ ಕುತ್ತಿಗೆಗೆ ಕತ್ತಿ ಹಿಡಿದರೆ ಅಷ್ಟೇ ಸಾಕಾ, ಎಂದು ಮತ್ತೆ ಕೇಳಿದ. ಅವಳಿಗೆ ಮಗಳೇ ಇರಲಿಲ್ಲ. ಆದರೂ ಇಲ್ಲದ ಮಗಳ ಕುತ್ತಿಗೆ ಕಣ್ಣಿಗೆ ಬಂತು.

"ಕೈ ಕಡೀಬೇಕು. ಅವ್ರ ಕೈ ಕಡೀಬೇಕು" ಎಂದಳು.

ಸಂಜೆಯೊಳಗೆ ದೇಶವೆಲ್ಲ ಅದನ್ನು ನೋಡಿತ್ತು. 'ಬಡ ತಾಯಿಯ ಕೂಗು' ಎಂದು ತಲೆಬರಹ ಕೊಟ್ಟಿದ್ದರು. ಜೈಲಿಗೆ ಹಾಕಲಿ ಎಂದದ್ದನ್ನು ಕತ್ತರಿಸಿದ್ದರು.

ಸಂಸತ್ತಿನಲ್ಲಿ ಮಂತ್ರಿ ಎದ್ದು ನಿಂತು, ಅಪರಾಧಗಳೇನೂ ಹೆಚ್ಚಿಲ್ಲ, ಹೋದ ವರ್ಷ ಇದ್ದಷ್ಟೇ ಇವೆ ಎಂದ. ಆದರೆ ಭಯ ಹೆಚ್ಚಿದೆ, ಭಯಕ್ಕೂ ಸರ್ಕಾರ ಉತ್ತರ ಕೊಡಬೇಕಾಗುತ್ತದೆ ಎಂದ. ಮೊದಲ ಮಾತನ್ನು ಪತ್ರಿಕೆಗಳು ಎಲ್ಲೋ ಮೂಲೆಗೆ ಹಾಕಿದವು. ಎರಡನೆಯ ಮಾತು ಪೊಲೀಸರಿಗೆ ಆಜ್ಞೆಯಾಗಿ ಇಳಿಯಿತು. ಹಿಡಿಯಿರಿ, ಹಿಡಿದದ್ದನ್ನು ತೋರಿಸಿ.

ಕೇರಿಯ ಮುಕದ್ದಮ ಬೂಶ್ತಾ. ಮರ್ಯಾದೆಗೆ ಎಲ್ಲರೂ ಸಿ ಬೂಶ್ತಾ ಅನ್ನುತ್ತಿದ್ದರು. ಕೇರಿಯಲ್ಲಿ ಯಾರು ಸತ್ತರು, ಯಾರು ಬಂದರು, ಯಾರು ಏನಂದರು ಎಂದು ಸರ್ಕಾರಕ್ಕೆ ಒಪ್ಪಿಸುವವನು ಅವನೇ. ಅವನು ಚಹಾದಂಗಡಿಯಲ್ಲಿ ಗೋಳು ಹೇಳಿಕೊಂಡ. ಪಕ್ಕದ ಕೇರಿಯ ಮುಕದ್ದಮ ಹೆಸರುಗಳನ್ನು ಕೊಟ್ಟಿದ್ದಾನೆ, ನಿನ್ನ ಕೇರಿಯಲ್ಲಿ ಒಬ್ಬನೂ ಇಲ್ಲವಾ, ನಿದ್ದೆ ಮಾಡ್ತಿದೀಯಾ ಎಂದು ಮೇಲಿನವರು ಉಗಿಯುತ್ತಿದ್ದಾರೆ ಎಂದ. ಇಲ್ಲದಿದ್ದರೆ ಎಲ್ಲಿಂದ ತರಲಿ ಎಂದ. ಕೇಳಿದವರು ನಕ್ಕರು.

ತರುವ ಕಷ್ಟ ಅವನಿಗೆ ಬರಲಿಲ್ಲ. ಒಂದು ದಿನ ಮೇಜಿನ ಮುಂದೆ ನಿಂತು ಕೆಲಸ ಮಾಡುತ್ತಿದ್ದಾಗ ಕೆಲ್ತೂಮ್ ಕೈ ಒರೆಸಿಕೊಂಡು ಫೋನು ತೆಗೆದು ಯಾಮ್ನಾಳ ಮುಂದೆ ಹಿಡಿದಳು. ಅದರಲ್ಲಿ ಝುಹೈರ್ ಇದ್ದ. ಬಂದರಿನ ಕಟ್ಟೆಯ ಮೇಲೆ ಕೂತಿದ್ದಾನೆ. ಕೈಯಲ್ಲಿ ಮೀನು ಕುಯ್ಯುವ ಉದ್ದ ಚೂರಿ. ಪಕ್ಕದಲ್ಲಿ ಇಬ್ಬರು ಗೆಳೆಯರು, ಹಲ್ಲು ಕಿರಿದಿದ್ದಾರೆ. ಕೆಳಗೆ ಅವನೇ ಬರೆದಿದ್ದಾನೆ: 'ಇವತ್ತು ಶರ್ಮೂಲ.' ಚಳಿಗಾಲದಲ್ಲಿ ತೆಗೆದು ಜಾಲತಾಣದ ತನ್ನ ಗೋಡೆಗೆ ಹಾಕಿಕೊಂಡದ್ದು. ಯಜಮಾನ ಮಿಕ್ಕ ಮೀನು ಕೊಟ್ಟಿದ್ದ, ಹುಡುಗರು ಮಸಾಲೆ ಹಚ್ಚಿ ಸುಟ್ಟು ತಿಂದಿದ್ದರು. ಆ ಮೀನು ಅವರ ಕಾಲ ಬುಡದಲ್ಲಿತ್ತು. ಸುದ್ದಿ ಸೈಟಿನವರು ಚಿತ್ರವನ್ನು ಮೊಣಕಾಲಿನಿಂದ ಮೇಲಕ್ಕೆ ಕತ್ತರಿಸಿದ್ದರು. 'ಶರ್ಮೂಲಿಗಳು ಸಫಿಗೂ ಬಂದರು' ಎಂದು ಮೇಲೆ ದಪ್ಪಕ್ಷರ.

ಯಾಮ್ನಾ ಕೈ ಕೂಡ ಒರೆಸಿಕೊಳ್ಳದೆ ಬಾಗಿಲ ಕಡೆ ನಡೆದಳು. ಮೇಸ್ತ್ರಿ ಬಂದು, ಮೇಜು ಬಿಟ್ಟು ಯಾಕೆ ಬಂದೆ ಎಂದು ಗದರಿದ. ಅವಳು ಹೋಗಿ ಮತ್ತೆ ತಲೆ ಚಿವುಟತೊಡಗಿದಳು.

ಮನೆಗೆ ಬಂದವಳೇ ಮಗನ ಕೆನ್ನೆಗೆ ಬಾರಿಸಿದಳು. ಅವನು ಮೊದಲು ನಕ್ಕ. ಅವನಿಗೆ ಒಳಗೊಳಗೇ ಸ್ವಲ್ಪ ಹೆಮ್ಮೆಯೂ ಇತ್ತು. ದೂರದೂರು ಅಗಾದಿರ್‌ನ ಹುಡುಗಿಯರು ಮೆಸೇಜು ಕಳಿಸುತ್ತಿದ್ದರು. ಹುಟ್ಟಿದಾಗಿನಿಂದ ಯಾರೂ ತಿರುಗಿ ನೋಡದವನನ್ನು ದೇಶ ನೋಡುತ್ತಿತ್ತು. ಆಮೇಲೆ ಅವಳ ಮುಖ ನೋಡಿ ನಗು ನಿಲ್ಲಿಸಿದ. ಚಿತ್ರ ಅಳಿಸಿದ. ತನ್ನ ಗೋಡೆಯಿಂದ ಅಳಿಸಬಹುದಿತ್ತು. ಊರಿನ ಗೋಡೆಯಿಂದ ಹೇಗೆ ಅಳಿಸುತ್ತಾನೆ?

ಶುಕ್ರವಾರ ಹಿಡಿದರು. ನಮಾಜು ಮುಗಿದು, ಮನೆಮನೆಯಲ್ಲಿ ಕುಸ್ಕುಸ್ ಉಂಡು, ಹುಡುಗರು ಕಡಲ ದಂಡೆಯ ಕಟ್ಟೆಗೆ ಬಂದು ಕೂತಿದ್ದ ಹೊತ್ತು. ಎರಡೂ ಕಡೆಯಿಂದ ವ್ಯಾನು ಬಂತು. ಯಾರು ಏನು ಮಾಡಿದ್ದರು ಎಂದು ಕೇಳಲಿಲ್ಲ. ತಲೆ ನೋಡಿ ಎತ್ತಿ ಹಾಕಿದರು. ಉದ್ದ ಕೂದಲಿನ ಒಬ್ಬ, ಮುದಿಯಪ್ಪನಿಗೆ ಔಷಧಿ ತರಲು ಹೊರಟಿದ್ದವನು, ಅವನನ್ನೂ ಹಾಕಿದರು. ಝುಹೈರ್ ಕೆಲಸದಿಂದ ನೇರ ಬಂದಿದ್ದ. ಚೀಲದಲ್ಲಿ ಚಿಂದಿ, ಚಿಂದಿಯಲ್ಲಿ ಚೂರಿ. ಚೂರಿಗೆ ಮೀನಿನ ಹುರುಪೆ ಅಂಟಿತ್ತು.

ಠಾಣೆಯ ಅಂಗಳದಲ್ಲಿ ಅವರನ್ನು ಕುಕ್ಕುರುಗಾಲಲ್ಲಿ ಕೂರಿಸಿ ತಲೆ ಬೋಳಿಸಿದರು. ಮಷೀನು ಕಾದು ನೆತ್ತಿ ಸುಡುತ್ತಿತ್ತು. ತಲೆಯಾಡಿಸಿದವನ ಕುತ್ತಿಗೆಗೆ ಬೂಟು. ಒಬ್ಬ ಹುಡುಗ ಉಚ್ಚೆ ಹೊಯ್ದುಕೊಂಡ. ಅದನ್ನು ಅವನ ಅಂಗಿಯಿಂದಲೇ ಒರೆಸಿಸಿದರು. ಕೂದಲು ಒಂದೇ ರಾಶಿಯಾಗಿ ಗಾಳಿಗೆ ಅಂಗಳದ ತುಂಬ ಉರುಳಾಡಿತು. ಯಾಕೆ ಸಾರ್ ಎಂದು ಝುಹೈರ್ ಕೇಳಿದ. "ನಿಮ್ಮಮ್ಮಂದಿರು ಕೇಳಿದ್ರಲ್ಲೋ" ಎಂದ ಪೇದೆ.

ಆಮೇಲೆ ಗೋಡೆಗೆ ಮುಖ ಮಾಡಿ ನಿಲ್ಲಿಸಿದರು. ಬೆನ್ನ ಹಿಂದೆ ಮೇಜು. ಮೇಜಿನ ಮೇಲೆ ಚೂರಿಗಳು. ಅಡುಗೆಮನೆಯವು, ಮೀನಿನವು, ಒಂದು ಕಸಾಯಿಯ ಮಚ್ಚು, ಹಬ್ಬದಲ್ಲಿ ಕುದುರೆ ಓಡಿಸುವವರ ಬೆಳ್ಳಿ ಹಿಡಿಯ ಎರಡು ಕತ್ತಿ. ಆ ಕತ್ತಿಗಳು ಯಾರ ಹತ್ತಿರ ಸಿಕ್ಕವು ಎಂದು ಆ ಹುಡುಗರಲ್ಲಿ ಯಾರಿಗೂ ಗೊತ್ತಿರಲಿಲ್ಲ. ಕ್ಯಾಮೆರಾಗಳು ಬಂದವು. ಟೀವಿಯಲ್ಲಿ ಬೋಳು ತಲೆಗಳ ಸಾಲು ಬಂತು, ಕತ್ತಿಗಳು ಹತ್ತಿರದಿಂದ ಹೊಳೆದವು.

ದಿನವೂ ಹಿಡಿದವರ ಸಂಖ್ಯೆ ಓದಿದರು. ಕಳೆದ ವರ್ಷಕ್ಕಿಂತ ಮೂರು ಪಟ್ಟು ಎಂದರು. ಹಿಡಿಯುವುದು ಮೂರು ಪಟ್ಟಾಗಿತ್ತು. ಜನ ಕೇಳಿಸಿಕೊಂಡದ್ದು, ಕಳ್ಳರು ಮೂರು ಪಟ್ಟಾಗಿದ್ದಾರೆ ಎಂದು. ಹೆಚ್ಚು ಹೆದರಿದರು. ಹೆಚ್ಚು ಹಿಡಿಯಿರಿ ಎಂದರು. ಹೆಚ್ಚು ಹಿಡಿದರು. ಗಾಣದೆತ್ತಿನ ಹಾಗೆ ಅದು ಸುತ್ತುತ್ತಲೇ ಇತ್ತು, ಕೆಳಗೆ ಅರೆಯುತ್ತಿದ್ದದ್ದು ಕೇರಿಯ ಹುಡುಗರು.

ಯಾಮ್ನಾ ಮಗನ ಯಜಮಾನ, ಮೀನು ವ್ಯಾಪಾರಿ ಹಾಜಿಯ ಹತ್ತಿರ ಓಡಿದಳು. ನನ್ನ ಮಗ ನಿಮ್ಮಲ್ಲಿ ಮೀನು ಕುಯ್ಯುತ್ತಾನೆ, ಚೂರಿ ಕೆಲಸದ್ದು, ಕೋರ್ಟಿಗೆ ಬಂದು ಅಷ್ಟು ಹೇಳಿ ಎಂದಳು. ಹಾಜಿ ಮುಖ ಎತ್ತಲಿಲ್ಲ. ಅವನು ಮೀನಿನ ಕಣ್ಣು ಒತ್ತಿ ನೋಡುತ್ತಿದ್ದ. ನನ್ನ ಹತ್ತಿರ ಕೆಲಸಕ್ಕಿದ್ದಾನೆ ಎಂದು ಬರೆದು ಕೊಟ್ಟರೆ ಕೂಲಿಗಳ ವಿಮೆ ಇಲಾಖೆಯವರು ನಾಳೆ ನನ್ನ ಬಾಗಿಲಿಗೆ ಬರುತ್ತಾರೆ, ಉಳಿದವರಿಗೆಲ್ಲ ವಿಮೆ ಎಲ್ಲಿ ಎಂದು ಕೇಳುತ್ತಾರೆ ಎಂದ. ಅಷ್ಟಲ್ಲದೆ ಹುಡುಗನ ಫೋಟೋ ಎಲ್ಲರೂ ನೋಡಿದ್ದಾರೆ ಎಂದ. ಅವನೂ ನೋಡಿದ್ದ. ಝುಹೈರ್ ಆ ಕಟ್ಟೆಯ ಮೇಲೆ ಸುಟ್ಟು ತಿಂದದ್ದು ಅವನೇ ಕೊಟ್ಟ ಮೀನು.

ಕೆಲಸದ ಕಾರಣವಿಲ್ಲದೆ ಹರಿತವಾದದ್ದನ್ನು ಹೊತ್ತು ತಿರುಗುವುದು ಅಪರಾಧ ಎಂದಿತ್ತು ಕಾನೂನು. ಕಾರಣ ಇದ್ದರೆ ಅಪರಾಧವಲ್ಲ. ಆದರೆ ಕಾರಣಕ್ಕೆ ಸಾಕ್ಷಿ ಬೇಕು. ಆ ಮಾರುಕಟ್ಟೆಯಲ್ಲಿ ಬೆನ್ನು ಮುರಿಯುವ ಒಬ್ಬನಿಗೂ ಕೂಲಿಯವನು ಎಂಬ ಪುರಾವೆ ಇರಲಿಲ್ಲ. ಹಿಂದೆಲ್ಲ ಇಂಥ ಕೇಸಿಗೆ ನ್ಯಾಯಾಧೀಶ ಬೈದು, ದಂಡ ಹಾಕಿ ಕಳಿಸುತ್ತಿದ್ದ ಎಂದು ಹುಡುಗರ ಪರ ವಾದಿಸಲು ಸರ್ಕಾರ ಕೊಟ್ಟ ವಕೀಲ ಹೇಳಿದ. ಈಗ ಕಾಲ ಹಾಗಿಲ್ಲ, ಬಿಡುಗಡೆಗೆ ಒಪ್ಪಬೇಡಿ, ಹೆಚ್ಚಿನ ಶಿಕ್ಷೆಯನ್ನೇ ಕೇಳಿ ಎಂದು ಸರ್ಕಾರಿ ವಕೀಲರಿಗೆ ಮೇಲಿಂದ ಸುತ್ತೋಲೆ ಬಂದಿದೆ, ನ್ಯಾಯಾಧೀಶರ ಮನೆಯಲ್ಲೂ ಟೀವಿ ಇದೆ ಎಂದ. ಅವನು ಒಳ್ಳೆಯವನೇ. ಆದರೆ ಅವನ ಹತ್ತಿರ ಅವತ್ತು ಅಂಥ ಹುಡುಗರ ಒಂದು ಬೆಂಚೇ ಇತ್ತು.

ವಿಚಾರಣೆ ಒಂದು ಲೋಟ ಚಹಾ ಕುಡಿಯುವಷ್ಟು ಹೊತ್ತು ನಡೆಯಿತು. ಚೂರಿ ನಿನ್ನದಾ ಎಂದರು. ಹೌದು ಎಂದ. ಈ ಫೋಟೋ ನಿನ್ನದಾ ಎಂದರು. ಹೌದು, ಕೆಳಗೆ ಮೀನಿದೆ ಸಾರ್ ಎಂದ. ಮೀನು ಕಾಣುತ್ತಿಲ್ಲವಲ್ಲ ಎಂದರು. ಒಂದು ವರ್ಷ ಹಾಕಿದರು.

ಯಾಮ್ನಾ ಹಿಂದಿನ ಬೆಂಚಿನಿಂದ ಎದ್ದು ನಿಂತಳು. ಬಾಯಿ ತೆರೆದಳು. ಪೇದೆ ಭುಜ ಒತ್ತಿ ಕೂರಿಸಿದ. ಕೂತಳು.

ಆ ದಿನ ಸಂಜೆ ಅದೇ ಸೈಟು ಎರಡು ತುಣುಕುಗಳನ್ನು ಅಂಟಿಸಿ ಹಾಕಿತು. ಮೊದಲು ಮೆರವಣಿಗೆಯ ಯಾಮ್ನಾ, ಕೈ ಕಡೀಬೇಕು ಅನ್ನುತ್ತಾಳೆ. ಆಮೇಲೆ ಕೋಳ ತೊಟ್ಟ ಝುಹೈರ್ ವ್ಯಾನಿನಿಂದ ಇಳಿಯುತ್ತಾನೆ. ಇವಳು ಅವನ ತಾಯಿ ಎಂದು ಅವರಿಗೆ ಹೇಳಿದವರು ಯಾರೋ. ಕೇರಿಯವರೇ ಇರಬೇಕು. ನೋಡಿದವರು ನಕ್ಕರು, ಅತ್ತರು, ಹಂಚಿದರು. ಕಾರ್ಖಾನೆಯಲ್ಲಿ ಹೆಂಗಸರು ಮೇಜಿನಿಂದ ಒಂದೊಂದು ಗೇಣು ಸರಿದು ನಿಂತರು. ಮೆರವಣಿಗೆಯಲ್ಲಿ ತೋಳು ಹಿಡಿದವಳನ್ನು ಯಾಮ್ನಾ ಒಮ್ಮೆ ಔಷಧಿ ಅಂಗಡಿಯಲ್ಲಿ ನೋಡಿದಳು. ಆಕೆ ಚೀಲವನ್ನು ಎದೆಗೆ ಒತ್ತಿಕೊಂಡಳು.

ಜೈಲಿಗೆ ಅವಳು ಬುತ್ತಿ ಹೊತ್ತು ಹೋಗುತ್ತಿದ್ದಳು. ಮೊದಮೊದಲು ಅವನು ಅಳುತ್ತಿದ್ದ. ಬೆನ್ನಿನ ಚರ್ಮ ಒಣಗಿ ಸುಲಿಯುತ್ತಿದೆ ಎಂದು ಹೇಳಿದ. ಕೋಣೆಯಲ್ಲಿ ಕಾಲು ಚಾಚಲು ಜಾಗವಿಲ್ಲ, ಪಾಯಿಖಾನೆಯ ಬಾಗಿಲಿಗೆ ತಲೆ ಇಟ್ಟು ಮಲಗುತ್ತೇನೆ ಎಂದ. ಮುಂದಿನ ಸಲ ಹೋದಾಗ ಜಾಗ ಸಿಕ್ಕಿತು ಎಂದ. ನಿಜವಾಗಿ ಕತ್ತಿ ಹಿಡಿದು ಬಂದವನೊಬ್ಬ ಅಲ್ಲಿದ್ದ. ಅವನು ಝುಹೈರ್‌ನ ಫೋಟೋ ನೋಡಿದ್ದ, ಕರೆದು ತನ್ನ ಪಕ್ಕದಲ್ಲಿ ಮಲಗಿಸಿಕೊಂಡ.

"ಇಲ್ಲಿ ನನ್ನ ಹೆಸ್ರು 'ಫೋಟೋ' ಅಂತಮ್ಮ. ಎಲ್ರೂ ಮರ್ಯಾದೆ ಕೊಡ್ತಾರೆ."

"ನೀನು ಮೀನು ಕುಯ್ಯೋನು ಅಂತ ಹೇಳ್ಲಿಲ್ವಾ?"

ಅವನು ಜಾಲರಿಯ ಆಚೆಯಿಂದ ಅವಳನ್ನು ನೋಡಿದ. "ಹೇಳಿದ್ರೆ ಪಾಯಿಖಾನೆ ಹತ್ರ ಮಲಗ್ಬೇಕು."

ಅದಾದ ಮೇಲೆ ಅವನು ಅಳಲಿಲ್ಲ. ಅವಳ ಎದೆಯಲ್ಲಿ ಕೂತ ಹೊಸ ಭಯ ಫೋನಿನಿಂದ ಬಂದದ್ದಾಗಿರಲಿಲ್ಲ.

ಬೇಸಿಗೆಯಲ್ಲಿ ಹೊಸ ಕಾನೂನು ಬಂತು. ಹಿಡಿದವರ ಸಂಖ್ಯೆಯನ್ನೇ ಓದಿ, ನೋಡಿ ಎಷ್ಟೊಂದು ಚೂರಿಗಳು ಎಂದು ಹೇಳಿ, ಚೂರಿ ಹೊತ್ತವನಿಗೆ ಶಿಕ್ಷೆ ಇಮ್ಮಡಿ ಮಾಡಿದರು. ಮೊದಲ ತಪ್ಪು ಎಂದು ಶಿಕ್ಷೆ ಅಮಾನತಿನಲ್ಲಿಡುವ ಅಧಿಕಾರವನ್ನು ನ್ಯಾಯಾಧೀಶರಿಂದ ಕಿತ್ತುಕೊಂಡರು. ಮಂತ್ರಿ ಮೊದಲು ಹೇಳಿದ ಮಾತನ್ನು ಯಾರೂ ನೆನಪಿಸಲಿಲ್ಲ. ವಿರೋಧ ಪಕ್ಷದವರೂ ಕೈ ಎತ್ತಿದರು. ಕಳ್ಳರ ಪರ ಎನ್ನಿಸಿಕೊಳ್ಳಲು ಯಾರಿಗೆ ಧೈರ್ಯ? ಹಬ್ಬಕ್ಕೆ ದೊರೆ ಕೈದಿಗಳಿಗೆ ಕೊಡುವ ಕ್ಷಮಾದಾನದಲ್ಲಿ ಚೂರಿ ಕೇಸಿನವರನ್ನು ಸೇರಿಸುವುದಿಲ್ಲ ಎಂಬ ಸುದ್ದಿಯೂ ಹಬ್ಬಿತು.

ಆಗಲೇ ಸಿಹಾಮ್ ಬಂದಳು. ದೊಡ್ಡ ಚಾನೆಲಿನವಳು. ಮುಕದ್ದಮ ಬೂಶ್ತಾನೇ ಕರೆದುಕೊಂಡು ಬಂದ. ಸಿಹಾಮ್ ಬಾಗಿಲಲ್ಲಿ ಬೂಟು ಕಳಚಿದಳು, ಯಾಮ್ನಾಳ ಕೈಯನ್ನು ಎರಡೂ ಕೈಯಲ್ಲಿ ಹಿಡಿದಳು, ಚಹಾ ಕೊಟ್ಟರೆ ಕುಡಿದಳು. ಪಶ್ಚಾತ್ತಾಪದ ಕಾರ್ಯಕ್ರಮ ಒಂದಿದೆ ಎಂದಳು. ನೀವು ಕೂತು ನಿಮ್ಮ ಕಷ್ಟ ಹೇಳಿಕೊಳ್ಳಿ, ಒಬ್ಬಳೇ ದುಡಿದೆ, ಮಗನ ಮೇಲೆ ಕಣ್ಣಿಡಲು ಆಗಲಿಲ್ಲ, ಅವನು ದಾರಿ ತಪ್ಪಿದ, ಪೊಲೀಸರು ಸಮಯಕ್ಕೆ ಹಿಡಿದು ಉಳಿಸಿದರು ಎಂದು ಹೇಳಿ. ಅಷ್ಟೆ. ದೊಡ್ಡವರು ಈ ಕಾರ್ಯಕ್ರಮ ನೋಡುತ್ತಾರೆ. ಹಬ್ಬದ ಕ್ಷಮೆಗೆ ಹೆಸರು ಸೇರಬಹುದು, ನಾನು ಮಾತು ಕೊಡಲಾರೆ, ಆದರೆ ಹಿಂದೆ ಹಾಗೆ ಆಗಿದೆ ಎಂದಳು. ಮುಕದ್ದಮ ತಲೆಯಾಡಿಸಿದ.

ಯಾಮ್ನಾ ಒಪ್ಪಿದಳು. ಯಾವ ತಾಯಿ ಒಪ್ಪುವುದಿಲ್ಲ? ಮಗ ಪ್ರತಿ ಸಲವೂ ಒಂದಿಷ್ಟು ದೂರ ಹೋಗುತ್ತಿದ್ದ. ಸುಳ್ಳು ಹೇಳಿದರೆ ಹೊರಗೆ ಬರುತ್ತಾನೆಂದರೆ ಸುಳ್ಳಿಗೇನು ದಾರಿದ್ರ್ಯ ಎಂದುಕೊಂಡಳು.

ಮಾರನೆಯ ಬೆಳಿಗ್ಗೆ ದೀಪಗಳು ಬಂದವು. ಒಂದೇ ಕೋಣೆಯ ಮನೆ, ವಸ್ತುಗಳನ್ನೆಲ್ಲ ಅಂಗಳಕ್ಕೆ ಹಾಕಿದರು. ಗೋಡೆಯ ತೇವದ ಕಲೆ ಹಿಂದೆ ಕಾಣುವಂತೆ ಅವಳನ್ನು ಕೂರಿಸಿದರು. ಝುಹೈರ್‌ನ ಫೋಟೋ ಕೈಗೆ ಕೊಟ್ಟರು, ಆ ಚೂರಿಯ ಫೋಟೋವನ್ನೇ ದೊಡ್ಡದು ಮಾಡಿದ್ದು. ಕೈಗೆ ಬಣ್ಣ ಹಚ್ಚುವ ಹುಡುಗಿ ಬಂದಾಗ ಸಿಹಾಮ್ ಬೇಡ ಎಂದಳು. ಬಿರುಕುಗಳು ಕಾಣಲಿ ಎಂದಳು.

ಕ್ಯಾಮೆರಾ ಓಡಿತು. ಒಬ್ಬಳೇ ದುಡಿದೆ ಎಂದು ಯಾಮ್ನಾ ಹೇಳಿದಳು. ಅದು ನಿಜವೇ. ದಾರಿ ತಪ್ಪಿದ ಎನ್ನುವಲ್ಲಿ ನಿಂತಳು. ನೀರು ಕೊಟ್ಟರು. ಮತ್ತೆ ಶುರು ಮಾಡಿದರು. ಸಿಹಾಮ್ ಮುಂದಕ್ಕೆ ಬಾಗಿ ಮೆಲ್ಲಗೆ, ಮೆರವಣಿಗೆಯಲ್ಲಿ ಹೇಳಿದ ಮಾತು ಇನ್ನೊಂದು ಸಲ ಹೇಳಿ, ಈಗ ನಿಮಗೆ ಏನನ್ನಿಸುತ್ತದೆ ಹೇಳಿ ಎಂದಳು.

"ಯಾವ ಮಾತು?"

"ಅದೇ ಖಾಲ್ತಿ. ಕೈ ಕಡೀಬೇಕು ಅಂತ."

ಯಾಮ್ನಾ ತನ್ನ ಕೈ ನೋಡಿಕೊಂಡಳು. ದೀಪದ ಬೆಳಕಿನಲ್ಲಿ ಬಿರುಕುಗಳು ಕೆಂಪಗೆ ತೆರೆದಿದ್ದವು. ಫೋಟೋವನ್ನು ಮಗ್ಗುಲಿಗೆ ಇಟ್ಟಳು.

"ನಿಮ್ಮನ್ನ ಒಂದು ಕೇಳ್ತೀನಿ" ಎಂದಳು. "ಈ ಊರಲ್ಲಿ ಕತ್ತಿ ಏಟು ತಿಂದವ್ರು ಯಾರು? ಒಬ್ರ ಹೆಸ್ರು ಹೇಳಿ."

ಸಿಹಾಮ್ ಕ್ಯಾಮೆರಾದವನನ್ನು ನೋಡಿದಳು. ಖಾಲ್ತಿ, ನಾವು ಅದನ್ನು ಮಾತಾಡುತ್ತಿಲ್ಲ ಎಂದಳು.

"ನಾನೂ ಕೇಳ್ಲಿಲ್ಲ ಆವಾಗ. ಕೇಳ್ಬೇಕಿತ್ತು. ಕೈ ಕಡೀಬೇಕು ಅಂದಿದ್ದು ನಾನೇ, ಇಲ್ಲ ಅನ್ನಲ್ಲ. ಹೆದ್ರಿಸಿದ್ದು ನೀವು. ಹೆದ್ರಿ ಕೂಗಿದ್ದು ನಾನು. ನಾನು ಕೂಗಿದ್ದನ್ನ ತೋರ್ಸಿ ಇನ್ನಷ್ಟು ಜನಾನ ಹೆದ್ರಿಸಿದ್ರಿ. ಈಗ ಅಳು ಅಂತೀರ. ನಾನು ಅಳೋದನ್ನ ತೋರ್ಸಿ ಇನ್ನು ಯಾರ ಮಗನ್ನ ಒಳಗೆ ಹಾಕಿಸ್ತೀರಿ?"

"ಅಕ್ಕ, ಬಾಯಿ ಮುಚ್ಚು" ಎಂದ ಮುಕದ್ದಮ. "ಹುಡುಗನ್ನ ನೆನಸ್ಕೋ."

"ಅವನ್ನೇ ನೆನಸ್ಕೊಂಡು ಹೇಳ್ತಿದೀನಿ, ಸಿ ಬೂಶ್ತಾ. ನನ್ನ ಮಗ ದಾರಿ ತಪ್ಪಿಲ್ಲ. ಮೀನು ಕುಯ್ದು ಮನೇಗೆ ಬರೋ ದಾರೀಲಿ ಸಿಕ್ಕಿಬಿದ್ದ. ಅದನ್ನ ತೋರ್ಸೋದಾದ್ರೆ ದೀಪ ಹಚ್ಚಿ. ಇಲ್ಲಾಂದ್ರೆ ಎತ್ಕೊಂಡು ನಡೀರಿ."

ದೀಪ ಆರಿಸಿದರು. ಸಿಹಾಮ್ ಬೂಟು ಹಾಕಿಕೊಳ್ಳುತ್ತ, ನಾನು ಕೆಟ್ಟವಳಲ್ಲ, ನಿಮ್ಮ ಒಳ್ಳೆಯದಕ್ಕೇ ಹೇಳಿದ್ದು ಎಂದಳು. ಯಾಮ್ನಾ ಅಂಗಳದಿಂದ ಚಾಪೆಗಳನ್ನು ಒಳಗೆ ಹೊತ್ತು ತರುತ್ತಿದ್ದಳು.

ಕಾರ್ಯಕ್ರಮ ಬಂದೇ ಬಂತು. ಅವಳ ಮಾತು ಒಂದೂ ಇರಲಿಲ್ಲ. ತನ್ನ ಕೈ ನೋಡಿಕೊಂಡು ತಲೆ ತಗ್ಗಿಸಿ ಕೂತ ಗಳಿಗೆಯನ್ನು ನಿಧಾನವಾಗಿ ಓಡಿಸಿದ್ದರು, ಕೆಳಗೆ ಪಿಟೀಲು. 'ನಾಚಿಕೆಯಿಂದ ಮಾತು ಸತ್ತ ತಾಯಿ' ಎಂದು ಗಂಡಸಿನ ದನಿಯೊಂದು ಹೇಳಿತು. ವಾರದೊಳಗೆ ಕಾರ್ಖಾನೆಯ ಮೇಸ್ತ್ರಿ ಅವಳನ್ನು ಗೇಟಿನಲ್ಲೇ ತಡೆದ. ಮುಖ ಗುರುತು ಹತ್ತಿದೆ, ಮಾಲಕರಿಗೆ ಬೇಡವಂತೆ ಎಂದ. ಸೈರನ್ ಕೂಗುತ್ತಿತ್ತು. ಹೆಂಗಸರು ಅವಳ ಎರಡೂ ಪಕ್ಕದಿಂದ ಓಡಿ ಒಳಗೆ ಹೋದರು. ಕೆಲ್ತೂಮ್ ಒಬ್ಬಳು ನಿಂತಳು, ಏನೋ ಹೇಳಲು ನೋಡಿದಳು, ಆಮೇಲೆ ಅವಳೂ ಓಡಿದಳು.

ಹಬ್ಬದಲ್ಲಿ ಕ್ಷಮೆ ಬರಲಿಲ್ಲ. ಚಳಿಗಾಲದ ಹೊತ್ತಿಗೆ ಶರ್ಮೂಲಿ ಎಂಬ ಪದವೇ ಪತ್ರಿಕೆಗಳಿಂದ ಮಾಯವಾಗಿತ್ತು. ಈಗ ಅವರಿಗೆ ಬೇರೆ ಸಿಕ್ಕಿತ್ತು. ದಕ್ಷಿಣದಿಂದ ಬಂದ ಕರಿಯ ಕೂಲಿಗಳು ರೋಗ ತರುತ್ತಾರೆ ಎಂಬ ಸುದ್ದಿ. ಕಾನೂನು ಮಾತ್ರ ಇದ್ದಲ್ಲೇ ಇತ್ತು. ಹೆದರಿಕೆ ಹೋದ ಮೇಲೂ ಅದನ್ನು ತೆಗೆಯಬೇಕು ಎಂದು ಯಾರಿಗೂ ಅನ್ನಿಸಲಿಲ್ಲ.

ವರ್ಷ ತುಂಬಿ ಝುಹೈರ್ ಹೊರಗೆ ಬಂದಾಗ ಒಂದು ಕ್ಯಾಮೆರಾವೂ ಇರಲಿಲ್ಲ. ಕೂದಲು ಬೆಳೆದಿತ್ತು, ಬೆನ್ನು ಗೂನಾಗಿತ್ತು. ಮನೆಯಲ್ಲಿ ಬಾಗಿಲಿಗೆ ಮುಖ ಮಾಡಿಯೇ ಮಲಗುತ್ತಿದ್ದ. ಮೀನು ಮಾರುಕಟ್ಟೆಗೆ ಹೋದ. ಹಾಜಿ ಈಗ ನಡತೆಯ ಪ್ರಮಾಣಪತ್ರ ಕೇಳಿದ. ಕೂಲಿಗೂ ಪ್ರಮಾಣಪತ್ರ. ಹೊಸ ನಿಯಮ ಎಂದ. ಗೊಬ್ಬರದ ಕಾರ್ಖಾನೆಗೆ ಹೋದ, ಕುಂಬಾರರ ಭಟ್ಟಿಗೆ ಹೋದ. ಅಲ್ಲೂ ಅದೇ. ಯಾಮ್ನಾ ಮನೆಮನೆಯ ಕಂಬಳಿ ಒಗೆಯುತ್ತಿದ್ದಳು. ಒಗೆದು ಬಂದು ಅನ್ನ ಹಾಕಿದರೆ ಅವನು ತಟ್ಟೆಯನ್ನೇ ನೋಡುತ್ತ ಕೂರುವನು.

ಒಂದು ಮಧ್ಯಾಹ್ನ ಓಣಿಯಲ್ಲಿ ಮೋಟಾರುಬೈಕು ಬಂದು ನಿಂತಿತು. ಹಾರನ್ ಮಾಡಲಿಲ್ಲ. ಎಂಜಿನ್ ಗುರುಗುಟ್ಟುತ್ತಿತ್ತು. ಯಾಮ್ನಾ ಕಿಟಕಿಯಿಂದ ನೋಡಿದಳು. ಬೈಕಿನ ಮೇಲಿದ್ದವನ ಕೆನ್ನೆಯಲ್ಲಿ ಉದ್ದ ಗಾಯದ ಗೆರೆ. ಅವನಿಗೆ ಅವಸರವಿರಲಿಲ್ಲ.

ಝುಹೈರ್ ಎದ್ದು ಜಾಕೆಟು ಹಾಕಿಕೊಂಡ.

"ಯಾರವ್ನು?"

"ಒಳಗೆ ಜಾಗ ಕೊಟ್ಟನಲ್ಲ, ಅವ್ನು."

"ಏನಂತೆ?"

"ಕೆಲ್ಸ ಇದೆಯಂತೆ."

"ಏನು ಕೆಲ್ಸ?"

ಅವನು ಜಾಕೆಟಿನ ಜಿಪ್ಪು ಎಳೆದುಕೊಂಡ. ಅವಳು ಹೋಗಿ ಬಾಗಿಲಿಗೆ ಅಡ್ಡ ನಿಂತಳು. ಎರಡೂ ಕೈಯಿಂದ ಚೌಕಟ್ಟು ಹಿಡಿದಳು.

"ಜರುಗಮ್ಮ."

"ಜರುಗಲ್ಲ."

"ಊರೆಲ್ಲ ನನ್ನ ಕಳ್ಳ ಅಂದಾಯ್ತು. ಕೋರ್ಟು ಅಂತು, ಟೀವಿ ಅಂತು. ಇನ್ನೇನು ಉಳಿದಿದೆ?"

"ನಾನು ಅಂದಿಲ್ಲ."

"ನೀನೇ ಮೊದ್ಲು ಅಂದಿದ್ದು."

ಅವಳು ಮಗನ ಮುಖವನ್ನೇ ನೋಡಿದಳು. ಚೌಕಟ್ಟು ಬಿಡಲಿಲ್ಲ.

"ಹೌದು. ಅಂದೆ" ಎಂದಳು. "ನಿನ್ನ ಮುಖ ನೋಡದೆ ಅಂದೆ. ಈಗ ನೋಡಿ ಹೇಳ್ತಿದೀನಿ. ಅವ್ರು ಬರೆದಿದ್ದನ್ನ ನೀನು ನಿಜ ಮಾಡ್ಬೇಡ. ಹೋಗೋದಾದ್ರೆ ನನ್ನ ತಳ್ಳಿ ಹೋಗು. ಬೇರೆ ದಾರಿ ಇಲ್ಲ."

ಅವನು ಹತ್ತಿರ ಬಂದ. ಅವಳ ಭುಜದ ಮೇಲೆ ಕೈ ಇಟ್ಟ. ಆ ಕೈಗೆ ಅವಳನ್ನು ಎತ್ತಿ ಆಚೆ ಇಡುವ ಬಲವಿತ್ತು. ಐಸು ಪೆಟ್ಟಿಗೆ ಹೊತ್ತ ಕೈ. ಅವಳು ಕಣ್ಣು ಮುಚ್ಚಲಿಲ್ಲ.

 ಆಮೇಲೆ ಅವನು ಕೈ ತೆಗೆದ. ಹಿಂದಕ್ಕೆ ಹೋಗಿ ಗೋಡೆಗೆ ಒರಗಿ, ಜಾಕೆಟಿನಲ್ಲೇ, ನೆಲದ ಮೇಲೆ ಕೂತ.

ಯಾಮ್ನಾ ಬಾಗಿಲು ಬಿಟ್ಟು ಕದಲಲಿಲ್ಲ. ಅವಳ ಬೆನ್ನ ಹಿಂದೆ, ಓಣಿಯಲ್ಲಿ, ಎಂಜಿನ್ ಇನ್ನೂ ಓಡುತ್ತಿತ್ತು.